ಮೂಲೆಯಲ್ಲಿ ಸಿಕ್ಕ ಒಂಟೆ
2024ರ ಡಿಸೆಂಬರ್ 12ರ ಸಂಜೆ. ತೀರ್ಥಹಳ್ಳಿಯ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದ ಅತ್ತೆ, "ಗುಕೇಶ್ ಹೇಗೆ ಗೆದ್ದ?" ಅಂತ ಕೇಳಿದರು. ಅಡಿಕೆಗಳನ್ನೇ ಕಾಯಿ ಮಾಡಿ ತೋರಿಸಿದೆ.

ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ ಕೊನೆಯ ಆಟ. ಗುಕೇಶ್‌ಗೂ ಎದುರಾಳಿ, ಚೀನಾದ ಡಿಂಗ್ ಲಿರೆನ್‌ಗೂ ಆರೂವರೆ ಪಾಯಿಂಟ್. ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್‌ಗೆ ಒಂದೇ ಒಂದು ಕಾಲಾಳು ಜಾಸ್ತಿ. ಡ್ರಾ ಆಗಬೇಕಿದ್ದ ಆಟ ಅದು.

55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಗೆ ಆನೆ ಕೊಡಲು ಹೊರಟರು. ಅವರ ಒಂಟೆ ಮೂಲೆಯ ಮನೆಯಲ್ಲಿತ್ತು. ಆನೆಗಳು ಹೋದ ಕೂಡಲೇ ಗುಕೇಶ್ ತನ್ನ ಒಂಟೆಯನ್ನು ಅದರ ದಾರಿಗೇ ಅಡ್ಡ ತಂದಿಟ್ಟ. ಮೂಲೆಯಿಂದ ಓಡಲು ಬೇರೆ ದಾರಿಯೇ ಇಲ್ಲ. ಒಂಟೆಗಳೂ ಹೋದರೆ ಎರಡು ಕಾಲಾಳಿಗೆ ಎದುರು ಒಂದೇ. ಮಿಕ್ಕಿದ್ದು ಕೊನೆ ಮುಟ್ಟಿ ಮಂತ್ರಿಯಾಗುತ್ತದೆ.

ಗೆದ್ದ ಹುಡುಗ ಅಳುತ್ತಲೇ ಕಾಯಿಗಳನ್ನು ಮತ್ತೆ ಜೋಡಿಸಿಟ್ಟ. ನನಗೆ ಡಿಂಗ್ ಮುಖವೇ ಕಣ್ಣಮುಂದಿದೆ. ಅಷ್ಟು ಹೊತ್ತು ಆಟ ಕಾಪಾಡಿಕೊಂಡವರು, ಒಂದೇ ನಡೆಯಲ್ಲಿ ಸೋತರು.

ಅತ್ತೆ ಮೂಲೆಯ ಅಡಿಕೆಯನ್ನು ನೋಡುತ್ತಲೇ ಇದ್ದರು.