ಹಳೇ ಪಿಎಫ್ ವರ್ಗಾವಣೆ: ಬಿಟ್ಟ ದಿನಾಂಕ ಹಾಕದ ಕಂಪನಿ

ಜುಲೈ 2024
ಹಳೇ ಕೆಲಸ ಬಿಟ್ಟಿದ್ದು ಜೂನ್ 14ಕ್ಕೆ, ಹೊಸದು ಸೇರಿದ್ದು ಜೂನ್ 24ಕ್ಕೆ. ನನ್ನ ಪಿಎಫ್ ಸಂಖ್ಯೆಯಾದ ಯುಎಎನ್ ಒಂದೇ, ಆದರೆ ಕಂಪನಿಗೊಂದರಂತೆ ಮೆಂಬರ್ ಐಡಿ ಎರಡಾಯಿತು. ಹಳೇ ಐಡಿಯ ದುಡ್ಡನ್ನು ಹೊಸದಕ್ಕೆ ತರೋಣ ಅಂತ ಇಪಿಎಫ್‌ಒದ ಮೆಂಬರ್ ಪೋರ್ಟಲ್‌ನಲ್ಲಿ ವರ್ಗಾವಣೆ ಅರ್ಜಿ ಹಾಕಲು ಹೋದೆ. ಮುಂದಕ್ಕೇ ಹೋಗಲಿಲ್ಲ. View ಒಳಗಿನ Service History ತೆಗೆದು ನೋಡಿದರೆ ಹಳೇ ಕಂಪನಿಯ ಎದುರು ಬಿಟ್ಟ ದಿನಾಂಕ ಖಾಲಿ. ಅಂದರೆ ಪಿಎಫ್ ಲೆಕ್ಕದಲ್ಲಿ ನಾನಿನ್ನೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ! ಎಚ್‌ಆರ್‌ಗೆ ಮೂರು ಮೇಲ್ ಹಾಕಿದೆ. ಉತ್ತರ ಬರಲಿಲ್ಲ.

ಆಗಸ್ಟ್
ದಿನಾಂಕವನ್ನು ನಾವೇ ಹಾಕಬಹುದು ಅಂತ ಗೊತ್ತಾಯಿತು. ಅದೇ ಪೋರ್ಟಲ್‌ನ Manage ಒಳಗೆ Mark Exit ಇದೆ. ಪ್ರಯತ್ನಿಸಿದೆ, ಒಪ್ಪಲಿಲ್ಲ. ಹಳೇ ಕಂಪನಿ ಕೊನೆಯ ಕಂತು ಕಟ್ಟಿ ಎರಡು ತಿಂಗಳು ಕಳೆದಿರಬೇಕಂತೆ.

ಈ ಕಾಯುವಿಕೆ ಒಳ್ಳೆಯದೇ ಆಯಿತು. ಯಾವ ದಿನಾಂಕ ಹಾಕಬೇಕು ಅಂತ ನಾನು ಸರಿಯಾಗಿ ಯೋಚಿಸಿರಲೇ ಇಲ್ಲ. ನಾವೇ ಹಾಕುವಾಗ, ಕೊನೆಯ ಕಂತು ಯಾವ ತಿಂಗಳ ಸಂಬಳದ್ದೋ ಆ ತಿಂಗಳೊಳಗಿನ ದಿನಾಂಕವನ್ನೇ ಕೊಡಬೇಕು. ಪಾಸ್‌ಬುಕ್‌ನ ಕೊನೆಯ ಸಾಲಿನಲ್ಲಿ Due-Month 072024 ಅಂತ ಇತ್ತು. ಜುಲೈ ತನಕ ಕಟ್ಟಿದ್ದಾರಾ ಅಂತ ಗಾಬರಿಯಾದೆ. ಹಾಗಲ್ಲ, ಅದು ದುಡ್ಡು ಕಟ್ಟಬೇಕಾದ ತಿಂಗಳು. ಜೂನ್ ಸಂಬಳದ ಪಿಎಫ್ ಅನ್ನು ಜುಲೈ 15ರೊಳಗೆ ಕಟ್ಟಬೇಕು, ಅದಕ್ಕೇ ಹಾಗೆ ಬರುತ್ತದೆ. ಪಕ್ಕದ Wage Month ಕಾಲಂನಲ್ಲಿ ಜೂನ್ ಅಂತಲೇ ಇತ್ತು. ಸದ್ಯ, ಕೊನೆಯ 14 ದಿನದ ಕಂತೂ ಬಂದಿತ್ತು.

ಕೊನೆಯ ಸಾಲು ಮೇ ತಿಂಗಳದ್ದಾಗಿದ್ದರೆ ನಾನು ಮುಂದುವರಿಯುತ್ತಿರಲಿಲ್ಲ. ಆಗ ಜೂನ್ ದಿನಾಂಕ ಕೊಡಲು ಆಗುವುದಿಲ್ಲ. ಮೇ ಅಂತ ಹಾಕಿಬಿಟ್ಟರೆ ಸೇವೆಯ ದಿನಗಳೂ ಹೋಗುತ್ತವೆ, ಬಾಕಿ ಕಂತು ಕೇಳುವಾಗ ನಮ್ಮದೇ ದಾಖಲೆ ನಮಗೆ ಅಡ್ಡ ಬರುತ್ತದೆ. ಒಮ್ಮೆ ಹಾಕಿದ ದಿನಾಂಕವನ್ನು ಅಲ್ಲೇ ತಿದ್ದಲು ಬರುವುದಿಲ್ಲ. ನಾವೂ ಕಂಪನಿಯೂ ಸೇರಿ ಕೊಡುವ ತಿದ್ದುಪಡಿ ಅರ್ಜಿ, ಅಂದರೆ ಜಾಯಿಂಟ್ ಡಿಕ್ಲರೇಶನ್ ಕೊಡಬೇಕು. ಅದಕ್ಕೆ ಮತ್ತೆ ಅದೇ ಎಚ್‌ಆರ್ ಹಿಂದೆ ಅಲೆಯಬೇಕಾಗಬಹುದು, ಅಲ್ವಾ?

ಸೆಪ್ಟೆಂಬರ್ ಕೊನೆ
ಈ ಸಲ ಒಪ್ಪಿತು. ಹಳೇ ಐಡಿ ಆರಿಸಿ, 14-06-2024 ಕೊಟ್ಟು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬಂದ ಒಟಿಪಿ ಹಾಕಿದೆ. ತಿಂಗಳ ಕೊನೆ ಅಂತ ಸುಮ್ನೆ 30 ಹಾಕಿದ್ದರೆ, 24ರಿಂದ ಎರಡೂ ಕಡೆ ಕೆಲಸ ಮಾಡಿದಂತೆ ದಾಖಲಾಗುತ್ತಿತ್ತು. ರಿಲೀವಿಂಗ್ ಲೆಟರ್ ನೋಡಿಕೊಂಡೇ ತುಂಬಿದೆ.

ಆಮೇಲೆ Online Services ಒಳಗಿನ One Member – One EPF Account ನಲ್ಲಿ ಅರ್ಜಿ ಹಾಕಿದೆ. ದೃಢೀಕರಣಕ್ಕೆ ಈಗಿನ ಕಂಪನಿಯನ್ನು ಆರಿಸಿದೆ. ಹಳಬರನ್ನು ಆರಿಸಿದ್ದರೆ ಅರ್ಜಿ ಅವರ ಬಳಿಯೇ ಕೂತಿರುತ್ತಿತ್ತು.

ನವೆಂಬರ್
ದುಡ್ಡು ಬಂತು. ಹೊಸ ಪಾಸ್‌ಬುಕ್‌ನಲ್ಲಿ ನನ್ನ ಪಾಲು, ಕಂಪನಿಯ ಪಾಲು ಎರಡೂ ಸರಿಯಿವೆ. ಪೆನ್ಶನ್ ಕಾಲಂನಲ್ಲಿ ಮಾತ್ರ ಸೊನ್ನೆ. ಇದು ತಪ್ಪಲ್ಲ. ಪೆನ್ಶನ್‌ಗೆ ದುಡ್ಡು ಸಾಗುವುದಿಲ್ಲ, ಸೇವೆಯ ಅವಧಿ ಸಾಗುತ್ತದೆ. ಅದು ಅನೆಕ್ಶರ್ ಕೆ ಎಂಬ ದಾಖಲೆಯಲ್ಲಿರುತ್ತದೆ. ಅದರಲ್ಲೂ ಜೂನ್ 14 ಅಂತಲೇ ಇದೆಯಾ ಅಂತ ನೋಡುವುದೊಂದು ಬಾಕಿ.