ರೂಪಾಯಿ ಬಂದರೂ ಬ್ಯಾಂಕ್ ವೆರಿಫಿಕೇಶನ್ ಫೇಲ್ ಆಗುವುದು ಯಾಕೆ

«ಪ್ಯಾನ್ ಐತಿ, ಜಿಎಸ್‌ಟಿ ಐತಿ, ಪಾಸ್‌ಬುಕ್ ಐತಿ. ಎಲ್ಲಾ ಹಾಕೇನ್ರಿ. ಆದ್ರೂ ಸೆಲ್ಲರ್ ಅಕೌಂಟಿನ್ಯಾಗ ಬ್ಯಾಂಕ್ ವೆರಿಫಿಕೇಶನ್ ಫೇಲ್ ಅಂತ ಬರಾಕತ್ತೈತಿ. ಇನ್ನೇನ್ ಕಾಗದ ಕೊಡಬೇಕ್ರಿ?»

ಬಹಳ ಸಲ ಹೊಸ ಕಾಗದ ಯಾವುದೂ ಬೇಕಿರುವುದಿಲ್ಲ. ಇರುವ ಕಾಗದಗಳಲ್ಲಿ ನಿಮ್ಮ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ತೊಂದರೆ ಅಲ್ಲೇ ಇದೆ.

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಯಾವುದೇ ಇರಲಿ, ಒಬ್ಬರೇ ನಡೆಸುವ ವ್ಯಾಪಾರಕ್ಕೆ ಕೇಳುವುದು ಹೆಚ್ಚುಕಡಿಮೆ ಇಷ್ಟೇ: ಪ್ಯಾನ್, ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ, ಮೊಬೈಲ್ ಮತ್ತು ಇಮೇಲ್, ಸರಕು ಎತ್ತಿಕೊಂಡು ಹೋಗುವ ವಿಳಾಸ, ಬಿಳಿ ಹಾಳೆಯ ಮೇಲಿನ ಸಹಿಯ ಫೋಟೋ. ಗುರುತಿಗೆ ಆಧಾರ್. ಬ್ಯಾಡಗಿ ಮೆಣಸಿನ ಪುಡಿಯಂಥ ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಕೂಡ ಬೇಕು. ಇವುಗಳಲ್ಲಿ ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಈ ಮೂರನ್ನು ಕಂಪ್ಯೂಟರ್ ಒಂದರ ಪಕ್ಕ ಒಂದಿಟ್ಟು ತಾಳೆ ನೋಡುತ್ತದೆ.

ಬ್ಯಾಂಕ್ ಪರೀಕ್ಷೆ ನಡೆಯುವುದು ಹೀಗೆ. ನೀವು ಖಾತೆ ನಂಬರ್, ಐಎಫ್‌ಎಸ್‌ಸಿ ಹಾಕಿದ ಕೂಡಲೇ ತಾಣ ಆ ಖಾತೆಗೆ ಒಂದು ರೂಪಾಯಿ, ಇಲ್ಲವೇ ಅದಕ್ಕೂ ಕಡಿಮೆ, ಕಳಿಸುತ್ತದೆ. ಇದಕ್ಕೆ ಪೆನ್ನಿ ಡ್ರಾಪ್ ಅನ್ನುತ್ತಾರೆ. ದುಡ್ಡು ಜಮಾ ಆದಾಗ ಬ್ಯಾಂಕು ಖಾತೆದಾರರ ಹೆಸರನ್ನು ತಿರುಗಿ ಕಳಿಸುತ್ತದೆ. ಆ ಹೆಸರನ್ನು ಪ್ಯಾನ್ ಅಥವಾ ಜಿಎಸ್‌ಟಿಯಲ್ಲಿರುವ ಹೆಸರಿನ ಜೊತೆ ಹೋಲಿಸುತ್ತಾರೆ. ಹಾಗಾಗಿ ಫೇಲ್ ಅಂತ ಬಂದಾಗ ಮೊದಲು ಬ್ಯಾಂಕಿನ ಎಸ್‌ಎಂಎಸ್ ಅಥವಾ ಸ್ಟೇಟ್‌ಮೆಂಟ್ ನೋಡಿ. ರೂಪಾಯಿ ಬಂದಿದ್ದರೆ ಖಾತೆ ನಂಬರ್ ಸರಿಯಿದೆ, ಹೆಸರು ಹೊಂದಿಲ್ಲ. ರೂಪಾಯಿ ಬಂದೇ ಇಲ್ಲವೆಂದರೆ ಸಾಮಾನ್ಯವಾಗಿ ನಂಬರ್, ಐಎಫ್‌ಎಸ್‌ಸಿ ಅಥವಾ ಖಾತೆಯ ಸ್ಥಿತಿಯಲ್ಲೇ ದೋಷ ಇರುತ್ತದೆ. ಕೆಲವು ತಾಣಗಳು ರೂಪಾಯಿ ಹಾಕದೆಯೂ ಹೆಸರು ತರಿಸಿಕೊಳ್ಳುತ್ತವೆ, ಆಗ ಮಾತ್ರ ಈ ಗುರುತು ಸಿಗುವುದಿಲ್ಲ.

ರೂಪಾಯಿ ಬಾರದಿರುವುದಕ್ಕೆ ನಮ್ಮ ಕಡೆ ಕಾಣುವ ಕಾರಣಗಳನ್ನು ಹೇಳುತ್ತೇನೆ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಅದರ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ `O` ಒತ್ತಿದವರು ಬಹಳ ಮಂದಿ. ಇನ್ನೊಂದು, ಹಳೇ ಪಾಸ್‌ಬುಕ್. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು, ಅದರ `SYNB` ಕೋಡುಗಳು 2021ರ ಜುಲೈನಿಂದ ನಡೆಯುವುದಿಲ್ಲ. ಧಾರವಾಡದಲ್ಲಿ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ವಿಲೀನಗೊಂಡು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಇಂಥ ಖಾತೆ ಇದ್ದವರು ಪಾಸ್‌ಬುಕ್ಕಿನ ಮೇಲಿರುವುದನ್ನು ನೋಡಿ ಬರೆಯದೆ, ಈಗಿನ ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿಯನ್ನು ಶಾಖೆಯಲ್ಲೇ ಕೇಳಿಕೊಂಡು ಬರಬೇಕು. ಇನ್ನು ಎರಡು ವರ್ಷ ವ್ಯವಹಾರ ಇಲ್ಲದೆ ನಿಷ್ಕ್ರಿಯವಾದ ಖಾತೆಯಾದರೆ ಮೊದಲು ಕೆವೈಸಿ ಕೊಟ್ಟು ಅದನ್ನು ಚಾಲೂ ಮಾಡಿಸಿಕೊಳ್ಳಬೇಕು.

ಊರಿನ ಸೌಹಾರ್ದ ಸಹಕಾರಿ ಸಂಘದಲ್ಲಿ ಪಿಗ್ಮಿ ಕಟ್ಟಿ, ಉಳಿತಾಯ ಖಾತೆಯನ್ನೂ ಅಲ್ಲೇ ಇಟ್ಟಿರುವ ವ್ಯಾಪಾರಿಗಳು ಗದಗ, ಹುಬ್ಬಳ್ಳಿಯಲ್ಲಿ ಬಹಳ. ಪತ್ತಿನ ಸಹಕಾರಿ ಸಂಘ ಬ್ಯಾಂಕ್ ಅಲ್ಲ, ಅದಕ್ಕೆ ತನ್ನದೇ ಐಎಫ್‌ಎಸ್‌ಸಿ ಇರುವುದಿಲ್ಲ. ಆ ಖಾತೆ ಇದಕ್ಕೆ ನಡೆಯುವುದಿಲ್ಲ. ಬ್ಯಾಂಕಿನಲ್ಲಿ ಒಂದು ಖಾತೆ ತೆರೆಯಲೇಬೇಕು.

ಈಗ ಹೆಸರಿನ ವಿಷಯಕ್ಕೆ ಬರೋಣ. ನಮ್ಮ ಭಾಗದಲ್ಲಿ ಪೂರ್ತಿ ಹೆಸರೆಂದರೆ ಸ್ವಂತ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಹಾಕಬಾರದು ಎಂಬ ಸೂಚನೆ ಇರುವುದರಿಂದ ಅಲ್ಲಿ ಮೂರೂ ಬಿಡಿಸಿ ಬಂದಿರುತ್ತವೆ. ಬ್ಯಾಂಕಿನಲ್ಲಿ ನಡುವಿನದು ಒಂದೇ ಅಕ್ಷರವಾಗಿರುತ್ತದೆ. ಆಧಾರ್‌ನಲ್ಲಿ ಅದೂ ಇರುವುದಿಲ್ಲ. ಬೆಟಗೇರಿಯಿಂದ ಕೈಮಗ್ಗದ ಸೀರೆ ಮಾರಲು ಹೊರಟ ಒಬ್ಬ ಹೆಣ್ಣುಮಗಳ ಕಾಗದಗಳು ಹೀಗಿವೆ ಎಂದುಕೊಳ್ಳಿ (ಹೆಸರು ಉದಾಹರಣೆಗೆ ಮಾತ್ರ):

```
PAN            SHIVALEELA MALLAPPA HOSAMANI
GST Legal Name SHIVALEELA MALLAPPA HOSAMANI
GST Trade Name RENUKA SAREES
Savings A/c    SHIVALEELA M HOSAMANI
Current A/c    SHREE RENUKA SAREE CENTRE
```

ಒಬ್ಬರೇ ಮಾಲೀಕರಿರುವ ವ್ಯಾಪಾರದಲ್ಲಿ ಜಿಎಸ್‌ಟಿಯ `Legal Name` ಪ್ಯಾನ್‌ನಿಂದಲೇ ಬರುತ್ತದೆ. ಅಂಗಡಿಯ ಹೆಸರು ಬೇರೆ, ಅದು `Trade Name`. ಇವರು ಸೆಲ್ಲರ್ ಫಾರ್ಮಿನಲ್ಲಿ ಬಿಸಿನೆಸ್ ಹೆಸರು ಅಂದಾಗ ಬೋರ್ಡಿನ ಮೇಲಿರುವ ಹೆಸರು ಬರೆದರೆ ಮೊದಲ ಹೆಜ್ಜೆಯಲ್ಲೇ ತಪ್ಪು, ಅಲ್ಲಿ ಬೇಕಿರುವುದು `Legal Name`. ಗಿರಾಕಿಗೆ ಕಾಣಿಸಬೇಕಾದ ಅಂಗಡಿ ಹೆಸರಿಗೆ ಬೇರೆ ಜಾಗ ಇರುತ್ತದೆ. ಆಮೇಲೆ ಕರೆಂಟ್ ಅಕೌಂಟ್ ಕೊಟ್ಟರೆ ಬ್ಯಾಂಕಿನಿಂದ ಬರುವ ಹೆಸರು ಪ್ಯಾನ್‌ಗೂ ಹೊಂದುವುದಿಲ್ಲ, ಟ್ರೇಡ್ ನೇಮ್‌ಗೂ ಹೊಂದುವುದಿಲ್ಲ. ಉಳಿತಾಯ ಖಾತೆ ಕೊಟ್ಟರೆ ಒಂದು ತಾಣದಲ್ಲಿ ಪಾಸಾಗಬಹುದು, ಇನ್ನೊಂದರಲ್ಲಿ `M` ಬಳಿ ಸಿಕ್ಕಿಬೀಳಬಹುದು. ಎಷ್ಟು ವ್ಯತ್ಯಾಸವನ್ನು ಬಿಡಬೇಕು ಎಂಬುದನ್ನು ಆಯಾ ತಾಣವೇ ನಿರ್ಧರಿಸುತ್ತದೆ.

ನನ್ನ ಸಲಹೆ, ಪ್ಯಾನ್ ಸರಿಯಿದ್ದರೆ ಅದನ್ನು ಮುಟ್ಟಬೇಡಿ, ಬ್ಯಾಂಕಿನ ಹೆಸರನ್ನು ಪ್ಯಾನ್‌ಗೆ ತಕ್ಕಂತೆ ತಿದ್ದಿಸಿ. ಪ್ಯಾನ್, ಆಧಾರ್ ಪ್ರತಿಗಳ ಜೊತೆ ಸ್ವಂತ ಶಾಖೆಗೆ ಹೋಗಿ ಒಂದು ಅರ್ಜಿ ಕೊಟ್ಟರೆ ಆಗುವ ಕೆಲಸ ಅದು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಇದಕ್ಕಾಗಿ ಒಂದನ್ನು ಕಳೆದುಕೊಳ್ಳುವುದು ಬೇಡ. ಜಿಎಸ್‌ಟಿಯಲ್ಲಿ ಟ್ರೇಡ್ ನೇಮ್ ಬದಲಿಸುವುದು ಕೋರ್ ತಿದ್ದುಪಡಿ, ಅಧಿಕಾರಿಯ ಒಪ್ಪಿಗೆಗೆ 15 ಕೆಲಸದ ದಿನದವರೆಗೆ ಹಿಡಿಯಬಹುದು. ಮೇಲಿನ ಉದಾಹರಣೆಯಲ್ಲಿ ಉಳಿತಾಯ ಖಾತೆಯ `M` ಅನ್ನು `MALLAPPA` ಮಾಡಿಸಿದರೆ ಸಾಕು, ಅದೇ ಖಾತೆಯಿಂದ ಶುರು ಮಾಡಬಹುದು. ಮಾಲೀಕರ ಸ್ವಂತ ಹೆಸರಿನ ಉಳಿತಾಯ ಖಾತೆಯನ್ನು ಒಪ್ಪುವ ತಾಣಗಳಿವೆ. ನಿಮಗೆ ಕರೆಂಟ್ ಅಕೌಂಟೇ ಬೇಕೆಂದರೆ ಅದನ್ನು ತೆರೆಯುವಾಗ ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿರುವ ಟ್ರೇಡ್ ನೇಮ್ ಅಕ್ಷರಕ್ಕೆ ಅಕ್ಷರ ಅದೇ ಇರಬೇಕು. ಮುಂದೆ ಒಂದು `SHREE` ಸೇರಿಸಿದರೂ ಅದು ಬೇರೆ ಹೆಸರೇ.

ಮದುವೆಗೆ ಮುಂಚೆ ಪ್ಯಾನ್ ಮಾಡಿಸಿ, ಆಮೇಲೆ ಆಧಾರ್ ಮತ್ತು ಬ್ಯಾಂಕಿನಲ್ಲಿ ಗಂಡನ ಮನೆಯ ಅಡ್ಡಹೆಸರು ಹಾಕಿಸಿಕೊಂಡವರ ಲೆಕ್ಕ ಬೇರೆ. ಅಲ್ಲಿ ಒಂಟಿಯಾಗಿ ಉಳಿದಿರುವುದು ಪ್ಯಾನ್, ಅದನ್ನೇ ತಿದ್ದಬೇಕು, ಅದೂ ಜಿಎಸ್‌ಟಿಗೆ ಅರ್ಜಿ ಹಾಕುವ ಮೊದಲೇ. ಗಂಡ ಹೆಂಡತಿಯ ಜಂಟಿ ಖಾತೆಯಲ್ಲಿ ಗಂಡನೇ ಮೊದಲ ಖಾತೆದಾರನಾಗಿದ್ದರೆ ಬ್ಯಾಂಕಿನಿಂದ ಸಾಮಾನ್ಯವಾಗಿ ಅವನ ಹೆಸರೇ ಬರುತ್ತದೆ. ಹೆಂಡತಿಯ ವ್ಯಾಪಾರಕ್ಕೆ ಆಕೆಯೊಬ್ಬಳದೇ ಖಾತೆ ಇರಲಿ.

ಪ್ಯಾನ್ ನಂಬರಿನ ಐದನೇ ಅಕ್ಷರವನ್ನೂ ಒಮ್ಮೆ ನೋಡಿಕೊಳ್ಳಿ. ವ್ಯಕ್ತಿಯ ಪ್ಯಾನ್ ಆದರೆ ನಾಲ್ಕನೆಯದು `P`, ಐದನೆಯದು ಪ್ಯಾನ್ ಕೊಟ್ಟಾಗ ಅಡ್ಡಹೆಸರೆಂದು ದಾಖಲಾದದ್ದರ ಮೊದಲ ಅಕ್ಷರ. ಹೊಸಮನಿಯವರಿಗೆ ಅಲ್ಲಿ `H` ಇರುವ ಬದಲು `M` ಇದ್ದರೆ, ಅರ್ಜಿ ತುಂಬಿದವರು ಮಲ್ಲಪ್ಪನನ್ನೇ ಅಡ್ಡಹೆಸರಿನ ಜಾಗದಲ್ಲಿ ಹಾಕಿದ್ದಾರೆ ಎಂದರ್ಥ. ಹೆಸರಿನ ಕ್ರಮ ಬೇರೆ ಬೇರೆ ಕಡೆ ಹಿಂದುಮುಂದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಸೆಲ್ಲರ್ ಫಾರ್ಮಿನಲ್ಲಿ ಪದೇ ಪದೇ ಪ್ರಯತ್ನ ಮಾಡುತ್ತ ಕೂಡಬೇಡಿ, ತಪ್ಪುಗಳು ಹೆಚ್ಚಾದರೆ ಫಾರ್ಮ್ ಲಾಕ್ ಆಗಬಹುದು. ಅದಕ್ಕೂ ಮೊದಲು ಪುಕ್ಕಟೆಯಾಗಿ ಪರೀಕ್ಷೆ ಮಾಡಿಕೊಳ್ಳಲು ಎರಡು ಜಾಗ ಇವೆ. ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲಿನಲ್ಲಿ `My Bank Account` ಒಳಗೆ ಖಾತೆ ಸೇರಿಸಿದರೆ, ಬ್ಯಾಂಕಿನಲ್ಲಿರುವ ಹೆಸರು ಪ್ಯಾನ್‌ಗೆ ಹೊಂದುತ್ತದೆಯೋ, ಆ ಖಾತೆಗೆ ಪ್ಯಾನ್ ಜೋಡಣೆ ಆಗಿದೆಯೋ ಎರಡೂ ತಿಳಿಯುತ್ತವೆ. ಜಿಎಸ್‌ಟಿ ಪೋರ್ಟಲಿನ `My Profile` ಒಳಗೂ `Bank Account Status` ಕಾಣುತ್ತದೆ. ಹೇಗೂ ಹೊಸ ಜಿಎಸ್‌ಟಿ ಬಂದ 30 ದಿನದೊಳಗೆ ಅಲ್ಲಿ ಬ್ಯಾಂಕ್ ಖಾತೆ ಸೇರಿಸಲೇಬೇಕು, ಇಲ್ಲದಿದ್ದರೆ ನೋಂದಣಿ ಅಮಾನತಾಗುತ್ತದೆ. ಈ ಎರಡೂ ಕಡೆ ಪಾಸಾದ ಖಾತೆ ಸೆಲ್ಲರ್ ತಾಣದಲ್ಲಿ ಫೇಲ್ ಆಗುವುದು ಅಪರೂಪ. ಆದರೂ ಆದರೆ ರದ್ದು ಮಾಡಿದ ಚೆಕ್ ಕೇಳುತ್ತಾರೆ. ಚೆಕ್ಕಿನ ಮೇಲೆ ಹೆಸರು ಅಚ್ಚಾಗಿರಬೇಕು. ಹೆಸರಿಲ್ಲದ ಚೆಕ್ಕಾದರೆ ಅದರ ಬದಲು ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ ಒಂದೇ ಪುಟದಲ್ಲಿರುವ ಸ್ಟೇಟ್‌ಮೆಂಟ್ ಕೊಡಿ.

ಜಿಎಸ್‌ಟಿ ಇನ್ನೂ ಆಗದವರಿಗೆ ತೊಡಕು ಬರುವುದು ವಿಳಾಸದಲ್ಲಿ. ಹೆಸ್ಕಾಂ ಬಿಲ್ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ, ಅಜ್ಜ ತೀರಿಕೊಂಡು ವರ್ಷಗಳಾಗಿರುತ್ತವೆ. ಮನೆ ಈಗ ಯಾರ ಹೆಸರಿನಲ್ಲಿದೆಯೋ ಅವರ ಆಸ್ತಿ ತೆರಿಗೆ ರಸೀದಿ ಮತ್ತು ಅವರು ಸಹಿ ಮಾಡಿದ ಸಮ್ಮತಿ ಪತ್ರ ಸೇರಿಸಿ. ಅಧಿಕಾರಿ ವಿವರಣೆ ಕೇಳಿ ನೋಟಿಸ್ ಕೊಟ್ಟರೆ 7 ಕೆಲಸದ ದಿನದೊಳಗೆ ಉತ್ತರ ಕೊಡಬೇಕು, ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ನೋಂದಣಿಗೆ ಸರ್ಕಾರಿ ಶುಲ್ಕ ಏನೂ ಇಲ್ಲ. ಕರ್ನಾಟಕದೊಳಗೆ ಮಾತ್ರ ಮಾರುವ, ವರ್ಷದ ವಹಿವಾಟು 40 ಲಕ್ಷದೊಳಗಿನ ಸಣ್ಣ ವ್ಯಾಪಾರಿಗಳು 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲದೆಯೂ, ಅದೇ ಪೋರ್ಟಲಿನಲ್ಲಿ ಪ್ಯಾನ್ ಮೇಲೆ ಎನ್‌ರೋಲ್‌ಮೆಂಟ್ ನಂಬರ್ ಪಡೆದು ಮಾರಬಹುದು. ಆದರೆ ಎಲ್ಲ ತಾಣಗಳೂ ಆ ನಂಬರನ್ನು ತೆಗೆದುಕೊಳ್ಳುವುದಿಲ್ಲ. ಕೊಲ್ಹಾಪುರದ ಒಂದು ಆರ್ಡರ್ ಬಂದರೂ ಅದನ್ನು ಕಳಿಸುವಂತಿಲ್ಲ.

ಗುರುತಿನ ಪರೀಕ್ಷೆ ಇವುಗಳಿಗಿಂತ ಹಗುರ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಒಟಿಪಿ ಅದಕ್ಕೇ ಬರುತ್ತದೆ. ವಿಡಿಯೋ ಪರಿಶೀಲನೆ ಕೇಳಿದರೆ ಮೂಲ ಕಾರ್ಡನ್ನೇ ಹಿಡಿದು ತೋರಿಸಿ, ಜೆರಾಕ್ಸ್ ಆಗಲಿ ಮೊಬೈಲಿನಲ್ಲಿರುವ ಫೋಟೋ ಆಗಲಿ ನಡೆಯುವುದಿಲ್ಲ. ಪ್ಯಾನ್ ಮತ್ತು ಆಧಾರ್ ಜೋಡಣೆ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆಗದಿದ್ದರೆ ಪ್ಯಾನ್ ನಿಷ್ಕ್ರಿಯವಾಗಿರುತ್ತದೆ, ತಾಣ ನಿಮ್ಮ ಮಾರಾಟದ ಮೇಲೆ ಹಿಡಿಯುವ ಆದಾಯ ತೆರಿಗೆ ಶೇ. 0.1ರ ಬದಲು ಶೇ. 5 ಆಗುತ್ತದೆ. ರೂಪಾಯಿ ಹಾಕಿದ್ದೇವೆ, ಒಟಿಪಿ ಹೇಳಿ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಪೆನ್ನಿ ಡ್ರಾಪಿಗೆ ಒಟಿಪಿಯೂ ಬೇಕಿಲ್ಲ, ಯುಪಿಐ ಪಿನ್ನೂ ಬೇಕಿಲ್ಲ.

ಒಮ್ಮೆ ಪಾಸಾದ ಖಾತೆಯನ್ನು ದಸರಾ, ದೀಪಾವಳಿ ಹತ್ತಿರ ಬಂದಾಗ ಬದಲಿಸಬೇಡಿ. ಹೊಸ ಖಾತೆಗೆ ಇದೇ ಪರೀಕ್ಷೆ ಮೊದಲಿನಿಂದ ನಡೆಯುತ್ತದೆ, ಅದು ಮುಗಿಯುವವರೆಗೆ ಮಾರಿದ ಮಾಲಿನ ದುಡ್ಡು ತಡೆಯಾಗಿ ನಿಲ್ಲಬಹುದು. ಬದಲಿಸಲೇಬೇಕಿದ್ದರೆ ಹಳೇ ಖಾತೆಯನ್ನು ಮುಚ್ಚದೆ, ಹೊಸದಕ್ಕೆ ಮೊದಲ ಪೇಮೆಂಟ್ ಬಂದ ಮೇಲೆ ಮುಚ್ಚಿ.