ಸೀರಿಯಲ್ ಸೆಟ್ಟಿಗೆ ಸಿಕ್ಕ ಡ್ರೋನ್

ಕೋಲಾರದಿಂದ ಬಂಗಾರಪೇಟೆಗೆ ಹೋಗುವ ದಾರಿಯ ಒಂದು ಕಲ್ಯಾಣ ಮಂಟಪ. ಆರತಕ್ಷತೆಯ ಸಂಜೆ. ಗಂಡಿನ ಕಡೆಯವರು ವಾದ್ಯದ ಜೊತೆ ಗೇಟು ದಾಟುತ್ತಿದ್ದಾಗ, ಮದುವೆ ವಿಡಿಯೋ ತೆಗೆಯುತ್ತಿದ್ದ ನನ್ನ ಡ್ರೋನ್ ಬಿತ್ತು. ಹುಡುಗಿಯ ಸೋದರತ್ತೆಯ ಮೊಣಕೈ ಕೆಳಗೆ ರೆಕ್ಕೆ ಕುಯ್ದು ನಾಲ್ಕು ಹೊಲಿಗೆ ಬಿದ್ದವು. ರಾತ್ರಿ ಆಸ್ಪತ್ರೆಯಿಂದ ಬಂದ ಮೇಲೆ ಹುಡುಗಿಯ ತಂದೆ ನನ್ನನ್ನು ಕರೆದು, "ಏನಾಯ್ತು ಅಂತ ಸರಿಯಾಗಿ ಬರೆದುಕೊಡಪ್ಪ. ನಾಳೆ ನಮ್ಮ ಭಾವ ಕೇಳಿದ್ರೆ ನಾನು ಉತ್ತರ ಕೊಡ್ಬೇಕು" ಅಂದರು.

ಬರೆಯುವ ಮುಂಚೆ ಫ್ಲೈಟ್ ಲಾಗ್, ಅಂದರೆ ಹಾರಾಟದ ದಾಖಲೆ ತೆಗೆದೆ. ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇತ್ತು. ಜಿಪಿಎಸ್ ಸರಿಯಿತ್ತು, ರಿಮೋಟಿನ ಸಿಗ್ನಲ್ ಒಮ್ಮೆಯೂ ತಪ್ಪಿರಲಿಲ್ಲ. ಏಳು ಮೀಟರ್ ಎತ್ತರದಲ್ಲಿ ನಿಧಾನವಾಗಿ ಹಿಂದಕ್ಕೆ ಬರುತ್ತಿದ್ದದ್ದು ತಟ್ಟನೆ ಎಡಕ್ಕೆ ವಾಲಿ, ಗಿರಗಿರ ತಿರುಗಿ ಬಿದ್ದಿದೆ. ಕಂಪಾಸ್ ಕೆಟ್ಟಿದ್ದರೆ ಡ್ರೋನ್ ಮೊದಲು ಸುತ್ತು ಹೊಡೆಯುತ್ತಾ ಜಾರುತ್ತೆ. ಬ್ಯಾಟರಿ ಇಳಿದಿದ್ದರೆ ಮೊದಲೇ ಕೂಗಿಕೊಳ್ಳುತ್ತೆ. ಹೀಗೆ ಒಂದೇ ಏಟಿಗೆ ವಾಲಿತು ಅಂದರೆ ರೆಕ್ಕೆಗೆ ಏನೋ ತಗುಲಿದೆ ಅಂತ. ಎತ್ತಿ ನೋಡಿದಾಗ ಹಿಂದಿನ ಎಡ ಮೋಟರಿಗೆ ತೆಳ್ಳನೆ ಹಸಿರು ವೈರು, ಒಂದು ಪುಟ್ಟ ಬಲ್ಬಿನ ಸಮೇತ ಬಿಗಿಯಾಗಿ ಸುತ್ತಿಕೊಂಡಿತ್ತು. ನಾಲ್ಕರಲ್ಲಿ ಒಂದು ರೆಕ್ಕೆ ನಿಂತರೆ ಉಳಿದ ಮೂರು ಅದನ್ನು ಹಿಡಿದು ನಿಲ್ಲಿಸಲಾರವು. ಬಿದ್ದ ಮೇಲೂ ಎರಡು ರೆಕ್ಕೆ ಅತ್ತೆಯವರ ಸೀರೆಯ ಹತ್ತಿರ ತಿರುಗುತ್ತಲೇ ಇದ್ದವು. ರಿಮೋಟಿನ ಎರಡೂ ಸ್ಟಿಕ್ಕನ್ನು ಕೆಳಕ್ಕೆ, ಒಳಕ್ಕೆ ಎಳೆದು ಹಿಡಿದು ನಿಲ್ಲಿಸಿದೆ.

"ಸೆನ್ಸರ್ ಇದೆ ಅಲ್ವಾ, ತಂತಿ ಕಾಣಲ್ವಾ?" ಅಂತ ಎಲ್ಲರೂ ಕೇಳಿದರು. ಗೋಡೆ, ಮರ ಕಾಣುತ್ತೆ. ಅದರ ಕಣ್ಣು ಅಂದರೆ ಪುಟ್ಟ ಕ್ಯಾಮೆರಾಗಳು. ಎಷ್ಟು ದೂರದಲ್ಲಿ ಏನಿದೆ ಅಂತ ತಿಳಿಯಲು ಅವಕ್ಕೆ ಬೆಳಕು ಬೇಕು, ಹಿಡಿಯುವಷ್ಟು ದಪ್ಪ ಇರುವ ವಸ್ತು ಬೇಕು. ಸಂಜೆಗತ್ತಲಲ್ಲಿ, ಇನ್ನೂ ಹಚ್ಚದ ಸೀರಿಯಲ್ ಸೆಟ್ ಅವಕ್ಕೆ ಇಲ್ಲವೇ ಇಲ್ಲ. ಬೆಳಗಿನ ನನ್ನ ವಿಡಿಯೋದಲ್ಲಿ ಗೇಟಿನಿಂದ ತೆಂಗಿನ ಮರದವರೆಗೆ ಏನೂ ಕಟ್ಟಿಲ್ಲ. ಸಂಜೆಯದನ್ನು ದೊಡ್ಡದು ಮಾಡಿದರೆ ಕೂದಲೆಳೆಯಷ್ಟು ಗೆರೆ ಕಾಣುತ್ತೆ.

"ಹಾಗಾದ್ರೆ ಲೈಟಿನವನ ತಪ್ಪು ಅಂತ ಬರಿ" ಅಂದರು ಹುಡುಗಿಯ ತಂದೆ. ಅದು ಬೇಡ ಸಾರ್ ಅಂದೆ. ವೈರು ಬೆಳಿಗ್ಗೆ ಇರಲಿಲ್ಲ, ಸಂಜೆ ಇತ್ತು, ಡ್ರೋನ್ ಜನರ ನೆತ್ತಿಯ ಮೇಲೇ ಇತ್ತು. ನನಗೆ ಗೊತ್ತಿರುವುದು ಇಷ್ಟು. ಈ ಮೂರನ್ನೂ ಬರೆದೆ. ಲೈಟಿನವರು ಗೇಟಿಗೆ ದೀಪ ಕಟ್ಟುವುದು ಅವರ ಕೆಲಸ.

ನನ್ನ ಡ್ರೋನ್ ಮುಕ್ಕಾಲು ಕೆಜಿಯ ಹತ್ತಿರ ತೂಗುತ್ತೆ. 250 ಗ್ರಾಂ ದಾಟಿದ ಡ್ರೋನಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದು ಇತ್ತು. ಆಸ್ಪತ್ರೆಯ ಬಿಲ್ಲಿನ ಪ್ರತಿ ಕೊಡಿ ಅಂತ ಕೇಳಿಕೊಂಡೆ. ಅಲ್ಲಿಯವರೆಗಿನ ಖರ್ಚು ಕೈಯಿಂದ ಕೊಟ್ಟೆ. 2021ರ ಡ್ರೋನ್ ನಿಯಮದ ಪ್ರಕಾರ 48 ಗಂಟೆಯೊಳಗೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ಅಪಘಾತ ತಿಳಿಸಬೇಕು, ಮಾರನೇ ದಿನವೇ ತಿಳಿಸಿದೆ. ಬಿದ್ದ ಕ್ಲಿಪ್ಪನ್ನು ಮದುವೆ ವಿಡಿಯೋಗೆ ಸೇರಿಸಲಿಲ್ಲ. ಕಟ್ ಮಾಡದೆ, ಲಾಗ್ ಜೊತೆ ಬೇರೆ ಪೆನ್‌ಡ್ರೈವಿನಲ್ಲಿ ಹಾಕಿ ಹುಡುಗಿಯ ತಂದೆಯ ಕೈಗೆ ಕೊಟ್ಟೆ.